‘ಆಲ್ದೋ’ ಇದ್ದಲ್ಲಿ ‘ಬಟ್’ ಬೇಡ

‘ಮಳೆ ಸುರಿಯುತ್ತಿದ್ದರೂ ಪಂದ್ಯ ನಡೆಯಿತು.’ ಈ ವಾಕ್ಯದಲ್ಲಿ ವಿರೋಧದ ಅರ್ಥವೆಲ್ಲ ‘ಇದ್ದರೂ’ ಎಂಬುದರ ಕೊನೆಯ ‘ಊ’ಕಾರದಲ್ಲಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಹೀಗೆ ಅಂಟುವ ಪ್ರತ್ಯಯವಿಲ್ಲ. ಅದೇ ಮಾತಿಗೆ ಅಲ್ಲಿ ಆಲ್ದೋ, ಡಿಸ್ಪೈಟ್, ಹೌಎವರ್ ಎಂಬ ಮೂರು ಪದಗಳು ಸಿಗುತ್ತವೆ. ಅರ್ಥದಲ್ಲಿ ಅವು ಹತ್ತಿರದವು, ವ್ಯಾಕರಣದಲ್ಲಿ ಬೇರೆ ಬೇರೆ ಜಾತಿಯವು. ತಪ್ಪುಗಳು ಹುಟ್ಟುವುದು ಇಲ್ಲೇ.

ಆಲ್ದೋ ಸಂಯೋಜಕ. ಅದರ ಬೆನ್ನಿಗೆ ಕರ್ತೃವೂ ಕ್ರಿಯಾಪದವೂ ಇರುವ ಉಪವಾಕ್ಯ ಬರಬೇಕು: ‘ಆಲ್ದೋ ಇಟ್ ವಾಸ್ ರೇನಿಂಗ್, ದ ಮ್ಯಾಚ್ ವೆಂಟ್ ಆನ್.’ ಇಲ್ಲಿ ‘ದ ಮ್ಯಾಚ್’ ಹಿಂದೆ ‘ಬಟ್’ ಸೇರಿಸುವುದು ಬಹಳ ಸಾಮಾನ್ಯವಾದ ತಪ್ಪು. ಎರಡು ವಾಕ್ಯಗಳನ್ನು ಬೆಸೆಯಲು ಒಂದು ಸಂಯೋಜಕ ಸಾಕು. ಆಲ್ದೋ ಇಟ್ಟರೆ ಬಟ್ ಇಲ್ಲ, ಬಟ್ ಇಟ್ಟರೆ ಆಲ್ದೋ ಇಲ್ಲ.

ಡಿಸ್ಪೈಟ್ ಉಪಸರ್ಗ. ಅದಕ್ಕೆ ನಾಮಪದ ಬೇಕು, ಪೂರ್ಣ ಉಪವಾಕ್ಯ ಒಗ್ಗದು. ‘ಡಿಸ್ಪೈಟ್ ಇಟ್ ವಾಸ್ ರೇನಿಂಗ್’ ತಪ್ಪು, ‘ಡಿಸ್ಪೈಟ್ ದ ರೇನ್’ ಸರಿ. ಉಪವಾಕ್ಯವನ್ನೇ ತರಬೇಕಾದರೆ ನಡುವೆ ‘ದ ಫ್ಯಾಕ್ಟ್ ದಟ್’ ಇಡಬೇಕು. ‘ಇನ್ ಸ್ಪೈಟ್ ಆಫ್’ ಎಂಬುದರ ಅಭ್ಯಾಸದಿಂದ ಅನೇಕರು ‘ಡಿಸ್ಪೈಟ್ ಆಫ್’ ಎಂದು ಬರೆಯುತ್ತಾರೆ. ಡಿಸ್ಪೈಟ್‌ಗೆ ಆ ‘ಆಫ್’ ಬೇಡ. ಇದರ ಮುಂದೆ ‘ಇಂಗ್’ ಅಂತ್ಯದ ಕ್ರಿಯಾರೂಪವೂ ಬರಬಹುದು: ‘ಡಿಸ್ಪೈಟ್ ಬೀಯಿಂಗ್ ಟೈರ್ಡ್, ಶಿ ಫಿನಿಶ್ಡ್ ದ ವರ್ಕ್.’ ದಣಿದವಳೂ ಕೆಲಸ ಮುಗಿಸಿದವಳೂ ಒಬ್ಬಳೇ ಆದ್ದರಿಂದ ಇದು ನಿಲ್ಲುತ್ತದೆ. ಅದರ ಬದಲು ‘ದ ವರ್ಕ್ ವಾಸ್ ಫಿನಿಶ್ಡ್’ ಎಂದರೆ ದಣಿದದ್ದು ಕೆಲಸವೇ ಎಂಬ ಅರ್ಥ ಬಂದು ವಾಕ್ಯ ಕೆಡುತ್ತದೆ.

ಹೌಎವರ್ ಕ್ರಿಯಾವಿಶೇಷಣ. ವಾಕ್ಯಗಳನ್ನು ಬೆಸೆಯುವ ಶಕ್ತಿ ಅದಕ್ಕಿಲ್ಲ, ಹಿಂದಿನ ವಾಕ್ಯದತ್ತ ಬೆರಳು ತೋರಿಸುವುದಷ್ಟೇ ಅದರ ಕೆಲಸ. ‘ಇಟ್ ವಾಸ್ ರೇನಿಂಗ್, ಹೌಎವರ್, ದ ಮ್ಯಾಚ್ ವೆಂಟ್ ಆನ್’ ಎಂಬುದು ಓದಲು ಸರಾಗ, ವ್ಯಾಕರಣಕ್ಕೆ ದೋಷ. ‘ರೇನಿಂಗ್’ ಆದ ಮೇಲೆ ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಹಾಕಬೇಕು, ಹೌಎವರ್ ನಂತರ ಅಲ್ಪವಿರಾಮ. ಪರೀಕ್ಷೆ ಸುಲಭ. ಹೌಎವರ್ ಅನ್ನು ವಾಕ್ಯದೊಳಗೆ ಸರಿಸಿ ನೋಡಬಹುದು: ‘ದ ಮ್ಯಾಚ್, ಹೌಎವರ್, ವೆಂಟ್ ಆನ್.’ ಆಲ್ದೋ ಹೀಗೆ ಸರಿಯುವುದಿಲ್ಲ, ತನ್ನ ಉಪವಾಕ್ಯದ ತಲೆಯಲ್ಲೇ ಕೂರುತ್ತದೆ. ‘ಹೌಎವರ್ ಹಾರ್ಡ್ ಹಿ ಟ್ರೈಸ್’ ಎಂಬಲ್ಲಿ ‘ಎಷ್ಟೇ’ ಎಂಬ ಅರ್ಥ. ಅಲ್ಲಿ ಅದರ ಮುಂದೆ ಅಲ್ಪವಿರಾಮ ಬರುವುದಿಲ್ಲ.

ವೇರ್‌ಆ್ಯಸ್ ಕೂಡ ಸಂಯೋಜಕವೇ, ಉಪವಾಕ್ಯವನ್ನೇ ಬೇಡುತ್ತದೆ. ಆದರೆ ಅದರ ಕೆಲಸ ಬೇರೆ. ಮಳೆ ಪಂದ್ಯಕ್ಕೆ ಅಡ್ಡಿಯಾಗಬೇಕಿತ್ತು, ಆಗಲಿಲ್ಲ ಎಂಬಂಥ ನಿರೀಕ್ಷಾಭಂಗ ಅದರಲ್ಲಿಲ್ಲ. ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ತೋರಿಸುತ್ತದೆ: ‘ದ ಕೋಸ್ಟ್ ಗೆಟ್ಸ್ ಹೆವಿ ರೇನ್, ವೇರ್‌ಆ್ಯಸ್ ದ ಪ್ಲೇನ್ಸ್ ಆರ್ ಡ್ರೈ.’ ಕರಾವಳಿಯ ಮಳೆ ಬಯಲಿನ ಒಣತನವನ್ನು ತಡೆಯಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಎರಡು ಬದಿಗಳನ್ನು ಅದಲುಬದಲು ಮಾಡಿದರೂ ಅರ್ಥ ಉಳಿದರೆ ಅಲ್ಲಿ ವೇರ್‌ಆ್ಯಸ್ ಸಲ್ಲುತ್ತದೆ. ಅದರ ಹಿಂದೆ ಅಲ್ಪವಿರಾಮ ಸಾಕು. ಪೂರ್ಣವಿರಾಮ ಹಾಕಿ ವೇರ್‌ಆ್ಯಸ್ ಭಾಗವನ್ನಷ್ಟೇ ಬೇರೆ ಬಿಟ್ಟರೆ ಅದು ವಾಕ್ಯವೇ ಅಲ್ಲ.