ಭರಣಿಯಲ್ಲಿ ದ್ರಾಕ್ಷಿ ವೈನಿನ ಹುದುಗು ನಿಂತುಹೋದರೆ



ನೀಲಗಿರಿಯ ಕಡೆ ಕ್ರಿಸ್‌ಮಸ್ ಹತ್ತಿರ ಬಂದರೆ ಹಲವು ಮನೆಗಳಲ್ಲಿ ದ್ರಾಕ್ಷಿ ವೈನಿನ ಭರಣಿ ಕೂರುತ್ತದೆ. ಡಿಸೆಂಬರಿನಲ್ಲಿ ಸದಸ್ಯರಿಂದ ಬರುವ ಪ್ರಶ್ನೆಯೂ ಒಂದೇ: "ಹತ್ತು ದಿನ ಚೆನ್ನಾಗಿ ಗುಳ್ಳೆ ಬಂತು, ಆಮೇಲೆ ನಿಂತುಹೋಯಿತು, ಇನ್ನೂ ಸಿಹಿಯಾಗಿಯೇ ಇದೆ, ಏನು ಮಾಡೋದು?" ಹೋದ ವರ್ಷ ನಮ್ಮ ಮನೆಯ ಭರಣಿಯಲ್ಲೂ ಹೀಗೇ ಆಯಿತು. ಅದನ್ನೇ ಉದಾಹರಣೆಯಾಗಿ ಬರೆಯುತ್ತೇನೆ.

ಐದು ಕಿಲೋ ಕಪ್ಪು ದ್ರಾಕ್ಷಿ, ಒಂದು ಕಿಲೋ ಸಕ್ಕರೆ, ಸುಮಾರು ಎರಡೂವರೆ ಲೀಟರ್ ಕುದಿಸಿ ಆರಿಸಿದ ನೀರು. ಸಿಪ್ಪೆ ಬಿಟ್ಟು ಆರು ಲೀಟರಿನಷ್ಟು ರಸವಾಯಿತು. ಈಸ್ಟ್ ಹಾಕುವ ಮೊದಲು ಹೈಡ್ರೋಮೀಟರ್ 1.095 ತೋರಿಸಿತು. ಹನ್ನೆರಡನೆಯ ದಿನ ಗುಳ್ಳೆ ನಿಂತಿತು.

ಮೊದಲು ನೋಡಬೇಕಾದದ್ದು, ನಿಜವಾಗಿ ನಿಂತಿದೆಯೇ ಎಂಬುದನ್ನು. ಮುಚ್ಚಳ ಸಡಿಲವಿದ್ದರೆ ಗಾಳಿ ಪಕ್ಕದಿಂದ ಹೋಗುತ್ತದೆ, ಗುಳ್ಳೆ ಕಾಣುವುದಿಲ್ಲ. ಆದ್ದರಿಂದ ಮೂರು ದಿನದ ಅಂತರದಲ್ಲಿ ಎರಡು ಸಲ ಹೈಡ್ರೋಮೀಟರ್ ಇಟ್ಟು, ತಾರೀಕು ಸಹಿತ ಬರೆದಿಡಿ. (ಹಾಲಿನ ಲ್ಯಾಕ್ಟೋಮೀಟರ್ ಇದಕ್ಕೆ ಆಗದು.) ನಮ್ಮದು ಎರಡು ಸಲವೂ 1.040 ಇತ್ತು. ಅಂದರೆ ನಿಂತದ್ದು ಖಚಿತ.

ಎರಡನೆಯದು, ಮದ್ಯಸಾರ ಎಷ್ಟಾಗಿದೆ ಎಂಬುದು. ಮೊದಲಿನ ಅಂಕಿಯಿಂದ ಈಗಿನದನ್ನು ಕಳೆದು 131ರಿಂದ ಗುಣಿಸಿ. 0.055 ಗುಣಿಸು 131, ಸುಮಾರು ಶೇ. 7. ಬ್ರೆಡ್ಡಿನ ಈಸ್ಟ್ ಕೂಡ ಸಾಮಾನ್ಯವಾಗಿ ಇಷ್ಟಕ್ಕೆ ಸೋಲುವುದಿಲ್ಲ, ಹಾಗಾಗಿ ಕಾರಣ ಬೇರೆ. ಶೇ. 12 ದಾಟಿ ನಿಂತಿದ್ದರೆ ಮಾತು ಬೇರೆ: ಬ್ರೆಡ್ಡಿನ ಈಸ್ಟ್‌ಗೆ ಅದೇ ಕೊನೆ. ಒಂದು ಕಿಲೋ ಹಣ್ಣಿಗೆ ಒಂದು ಕಿಲೋ ಸಕ್ಕರೆ ಹಾಕುವವರ ಭರಣಿ ಸಿಹಿಯಾಗಿಯೇ ಉಳಿಯುವುದು ಇದರಿಂದ. ಅದನ್ನು ಸಿಹಿ ವೈನೆಂದೇ ಫ್ರಿಜ್ಜಿನಲ್ಲಿಟ್ಟು ಬಳಸಿ.

ಭರಣಿಗೆ ಥರ್ಮಾಮೀಟರ್ ಇಳಿಸಿದೆ: 13 ಡಿಗ್ರಿ. ಅಡುಗೆಮನೆಯ ಸಿಮೆಂಟ್ ನೆಲದ ಮೇಲೆ ಇಟ್ಟಿದ್ದೆವು. ಇಷ್ಟು ಚಳಿಗೆ ಬ್ರೆಡ್ಡಿನ ಈಸ್ಟ್ ಸಾಯುವುದಿಲ್ಲ, ತಳಕ್ಕೆ ಕೂತು ನಿದ್ದೆ ಹೋಗುತ್ತದೆ. ಭರಣಿಯನ್ನು ಹಲಗೆಯ ಮೇಲೇರಿಸಿ, ಕಂಬಳಿ ಸುತ್ತಿ, ಒಲೆಯಿರುವ ಕೋಣೆಗೆ ತಂದು 22 ಡಿಗ್ರಿಗೆ ತಂದೆವು. ತಳದ ಗಸಿ ಮೇಲೇಳುವಂತೆ ಮೆಲ್ಲಗೆ ಅಲ್ಲಾಡಿಸಿದೆವು. ಬಹಳ ಭರಣಿಗಳು ಎರಡು ದಿನದಲ್ಲಿ ಇದರಿಂದಲೇ ಏಳುತ್ತವೆ. ಸೊಲ್ಲಾಪುರ, ಆದೋನಿ ಕಡೆಯವರದು ಇದಕ್ಕೆ ತದ್ವಿರುದ್ಧ: ಬೇಸಿಗೆಯಲ್ಲಿ ರಸ 35 ಡಿಗ್ರಿ ದಾಟಿದರೆ ಈಸ್ಟ್ ಸತ್ತೇ ಹೋಗಬಹುದು. ನೀರಿನ ತೊಟ್ಟಿಯಲ್ಲಿ ಭರಣಿ ಇಟ್ಟು ಒದ್ದೆ ಬಟ್ಟೆ ಸುತ್ತಿ.

ನಮ್ಮದು ಏಳಲಿಲ್ಲ. ಆಗ ಹೊಸ ಈಸ್ಟ್ ಬೇಕು, ಆದರೆ ಒಣ ಈಸ್ಟನ್ನು ನೇರವಾಗಿ ಭರಣಿಗೆ ಸುರಿಯಬಾರದು. ಮದ್ಯಸಾರದ ನಡುವೆ ಬಿದ್ದ ಒಣ ಈಸ್ಟ್ ಹೆಚ್ಚಿನಂಶ ಸಾಯುತ್ತದೆ. ಅದಕ್ಕೆ ಮೆಲ್ಲಗೆ ರೂಢಿ ಮಾಡಿಸಬೇಕು. ಐದು ಗ್ರಾಂ ವೈನ್ ಈಸ್ಟನ್ನು 40 ಡಿಗ್ರಿಯ 50 ಮಿಲಿ ನೀರಿನಲ್ಲಿ ಕಾಲು ಗಂಟೆ ನೆನೆಸಿ. ಅಷ್ಟೇ ಪ್ರಮಾಣದ ತಾಜಾ ದ್ರಾಕ್ಷಿ ರಸ ಸೇರಿಸಿ. ನೊರೆ ಎದ್ದ ಮೇಲೆ ಭರಣಿಯಿಂದ 100 ಮಿಲಿ ತೆಗೆದು ಹಾಕಿ. ಮತ್ತೆ ನೊರೆ ಎದ್ದರೆ 200, ಆಮೇಲೆ 400. ಪ್ರತಿ ಸಲವೂ ನೊರೆ ಬರುವ ತನಕ ಕಾಯಬೇಕು, ಅವಸರ ಮಾಡಬಾರದು. ಮರುದಿನದ ಹೊತ್ತಿಗೆ ಮುಕ್ಕಾಲು ಲೀಟರ್ ಜೀವಂತ ಹುದುಗು ಸಿಗುತ್ತದೆ. ಅದನ್ನು ಭರಣಿಗೆ ಸುರಿಯುವಾಗ ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಲಿ.

ನೀರು, ಸಕ್ಕರೆ ಬೆರೆಸಿದ ರಸದಲ್ಲಿ ಈಸ್ಟ್‌ಗೆ ಬೇಕಾದ ಸಾರಜನಕವೂ ಕಡಿಮೆ. ಒಂದು ಚಮಚ ಬ್ರೆಡ್ಡಿನ ಈಸ್ಟನ್ನು ಅರ್ಧ ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಆರಿಸಿ ಹಾಕಿದೆವು. ಸತ್ತ ಈಸ್ಟ್ ಬದುಕಿರುವುದಕ್ಕೆ ಆಹಾರವಾಗುತ್ತದೆ. ಹುದುಗು ಮೂರನೆಯ ದಿನ ಎದ್ದಿತು, ಮೂರು ವಾರಕ್ಕೆ 1.000ಕ್ಕೆ ಇಳಿಯಿತು.

ಕೊನೆಯದಾಗಿ ಒಂದು ಎಚ್ಚರಿಕೆ. ನಿಂತುಹೋದ ಸಿಹಿ ವೈನನ್ನು "ಆಯ್ತು" ಎಂದು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಬೇಡಿ. ಏಪ್ರಿಲ್ ಬಿಸಿಲಿಗೆ ಮಲಗಿದ್ದ ಈಸ್ಟ್ ಎದ್ದರೆ ಬಾಟಲಿ ಸಿಡಿಯುತ್ತದೆ. ಹಿಂದೊಮ್ಮೆ ನಮ್ಮ ಮಂಚದ ಕೆಳಗೆ ಎರಡು ಸಿಡಿದಿದ್ದವು, ಪುಣ್ಯಕ್ಕೆ ಮೊಮ್ಮಕ್ಕಳು ಶಾಲೆಗೆ ಹೋಗಿದ್ದರು. ವಿನೆಗರ್ ವಾಸನೆ ಬಂದಿದ್ದರೆ ಮಾತ್ರ ಯಾವ ಉಪಾಯವೂ ಇಲ್ಲ, ಉಪ್ಪಿನಕಾಯಿಗೂ ಸಲ್ಲದು, ಚೆಲ್ಲಿಬಿಡಿ. ಅಬಕಾರಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಭರಣಿ ಇಡುವ ಮೊದಲು ನಿಮ್ಮ ಊರಿನದನ್ನು ಕೇಳಿ ತಿಳಿದುಕೊಳ್ಳಿ.

– ಕಾರ್ಯದರ್ಶಿ