ಎಂಟು ಸಾವಿರ ಹುಡುಕಾಟವೋ, ನಾನೂರೋ?

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹುರಿದು, ಪುಡಿ ಮಾಡಿ, ಊರೂರಿಗೆ ಕಳಿಸಿಕೊಡುವ ಸಣ್ಣ ಅಂಗಡಿಯೊಂದಿದೆ ಎಂದುಕೊಳ್ಳೋಣ. ಅದರ ಜಾಲತಾಣಕ್ಕೆ ಈ ತಿಂಗಳು ಒಂದೇ ಲೇಖನ ಬರೆಸಲು ಸಾಧ್ಯ, ಮುಂದಿರುವ ವಿಷಯಗಳು ಎರಡು. ‘ಕಾಫಿ ಕುಡಿದರೆ ನಿದ್ದೆ ಏಕೆ ಬರುವುದಿಲ್ಲ’ ಎಂದು ಗೂಗಲ್‌ನಲ್ಲಿ ತಿಂಗಳಿಗೆ 8,000 ಸಲ ಹುಡುಕುತ್ತಾರೆ. ‘ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟಿರಬೇಕು’ ಎಂದು 400 ಸಲ. ಈ ಅಂಕಿಗಳೂ ಮುಂದೆ ಬರುವ ಅಂಗಡಿಯ ಅಂಕಿಗಳೂ ಲೆಕ್ಕ ತೋರಿಸಲೆಂದು ನಾನೇ ಹಾಕಿಕೊಂಡವು. ಇಪ್ಪತ್ತು ಪಟ್ಟು ಅಂತರ ನೋಡಿದವರು ನಿದ್ದೆಯ ವಿಷಯವನ್ನೇ ಆರಿಸುತ್ತಾರೆ. ಆ ಅಂತರ ಎಷ್ಟು ದೂರ ಉಳಿಯುತ್ತದೆ ಎಂದು ನೋಡೋಣ.

ಹುಡುಕಾಟದ ಸಂಖ್ಯೆಯೇ ಬೇರೆ, ಪುಟಕ್ಕೆ ಬರುವವರ ಸಂಖ್ಯೆಯೇ ಬೇರೆ. ನಿದ್ದೆಯ ಪ್ರಶ್ನೆಗೆ ಗೂಗಲ್ ತನ್ನ ಪುಟದ ತಲೆಯಲ್ಲೇ ನಾಲ್ಕು ಸಾಲಿನ ಉತ್ತರ ಕೊಟ್ಟುಬಿಡುವ ಸಂಭವ ಹೆಚ್ಚು. ಹಲವರು ಅದನ್ನು ಓದಿ, ಎಲ್ಲೂ ಕ್ಲಿಕ್ ಮಾಡದೆ ಹೊರಟುಹೋಗುತ್ತಾರೆ. ಕೆಳಗಿನ ಜಾಗಗಳನ್ನು ಆಸ್ಪತ್ರೆ, ಪತ್ರಿಕೆ, ವಿಶ್ವಕೋಶಗಳ ತಾಣಗಳು ಹಿಡಿದಿರುತ್ತವೆ. ಕ್ಲಿಕ್‌ಗಳಲ್ಲಿ ದೊಡ್ಡ ಪಾಲು ಮೊದಲ ಕೆಲವು ಫಲಿತಾಂಶಗಳಿಗೇ ಸೇರುವುದರಿಂದ, ಎಂಟನೆಯದೋ ಒಂಬತ್ತನೆಯದೋ ಆಗಿ ನಿಲ್ಲುವ ನಮ್ಮ ಅಂಗಡಿಗೆ ತಿಂಗಳಿಗೆ 400 ಜನ ಬಂದರೆ ಅದೇ ಹೆಚ್ಚು. ಚಿಕೋರಿಯ ಕತೆ ಬೇರೆ. ಅದೇ ಪುಟಕ್ಕೆ ‘80:20 ಒಳ್ಳೆಯದೋ 60:40 ಒಳ್ಳೆಯದೋ’, ‘ಡಿಕಾಕ್ಷನ್ ಗಟ್ಟಿಯಾಗಲು ಏನು ಮಾಡಬೇಕು’ ಎಂದು ಹುಡುಕಿದವರೂ ಬರುತ್ತಾರೆ. ಆದ್ದರಿಂದ ಬಲ್ಲವರು ಒಂದು ಪ್ರಶ್ನೆಯ ಹುಡುಕಾಟವನ್ನಷ್ಟೇ ಎಣಿಸದೆ, ಆ ವಿಷಯದಲ್ಲಿ ಈಗ ಮೊದಲ ಸ್ಥಾನದಲ್ಲಿರುವ ಪುಟಕ್ಕೆ ಎಲ್ಲ ಪ್ರಶ್ನೆಗಳಿಂದ ಒಟ್ಟು ಎಷ್ಟು ಜನ ಬರುತ್ತಿದ್ದಾರೆಂದು ಅಂದಾಜು ಮಾಡುತ್ತಾರೆ. ಪೈಪೋಟಿ ಕಡಿಮೆ ಇರುವುದರಿಂದ ಇಲ್ಲಿ ನಮಗೆ 250 ಜನ ಸಿಗಬಹುದು. ಇಪ್ಪತ್ತು ಪಟ್ಟಿನ ಅಂತರ ಎರಡು ಪಟ್ಟಿಗೂ ಕೆಳಗಿಳಿಯಿತು.

ಇನ್ನು ಬಂದವರ ಮನಸ್ಸಿನಲ್ಲಿ ಏನಿದೆ? ಗಣಕವಿಜ್ಞಾನಿ ಆಂಡ್ರೇ ಬ್ರೋಡರ್ 2002ರಲ್ಲಿ ಜಾಲದ ಹುಡುಕಾಟಗಳನ್ನು ಮೂರಾಗಿ ವಿಂಗಡಿಸಿದರು: ಗೊತ್ತಿರುವ ತಾಣಕ್ಕೆ ಹೋಗಲು, ಮಾಹಿತಿ ತಿಳಿಯಲು, ಯಾವುದೋ ಕೆಲಸ ಮುಗಿಸಲು. ನಮ್ಮ ಎರಡು ಪ್ರಶ್ನೆಗಳೂ ಮಾಹಿತಿಯವೇ. ಆದರೂ ಚಿಕೋರಿಯ ಪ್ರಮಾಣ ಕೇಳುವವರು ಪುಡಿ ಕೊಳ್ಳುವ ಹಂತಕ್ಕೆ ಹತ್ತಿರವಿದ್ದಾರೆ. ರಾತ್ರಿ ನಿದ್ದೆ ಬಾರದವರಿಗೆ ಆ ಹೊತ್ತಿನಲ್ಲಿ ಕಾಫಿಪುಡಿ ಬೇಕಿಲ್ಲ. ಚಿಕೋರಿಯ ಪುಟದಿಂದ ನೂರಕ್ಕೆ ಇಬ್ಬರು, ನಿದ್ದೆಯ ಪುಟದಿಂದ ಸಾವಿರಕ್ಕೊಬ್ಬರು ಕೊಂಡರೆ, 250 ಜನರಿಂದ ತಿಂಗಳಿಗೆ ಐದು ಆರ್ಡರ್. ಆರ್ಡರಿಗೆ 120 ರೂಪಾಯಿ ಲಾಭವಾದರೆ 600 ರೂಪಾಯಿ. ನಿದ್ದೆಯ 400 ಜನರಿಂದ ಸರಾಸರಿ ಅರ್ಧ ಆರ್ಡರೂ ಇಲ್ಲ. ಲಾಭ 48 ರೂಪಾಯಿ.

ಈ ‘ನೂರಕ್ಕೆ ಇಬ್ಬರು’ ಬರೀ ಊಹೆ ತಾನೇ ಎಂದು ನೀವು ಕೇಳಬಹುದು. ಹೌದು. ಅದಕ್ಕೇ ಲೆಕ್ಕವನ್ನು ತಿರುಗಿಸಿ ಹಾಕಬೇಕು. ನಿದ್ದೆಯ ವಿಷಯ ಸಮಸಮ ಬರಬೇಕಾದರೆ 400 ಜನರಲ್ಲಿ ಐವರು, ಅಂದರೆ ಎಂಬತ್ತರಲ್ಲಿ ಒಬ್ಬರು ಪುಡಿ ಕೊಳ್ಳಬೇಕು. ನಿದ್ದೆ ಕೆಟ್ಟ ಎಂಬತ್ತು ಜನರಲ್ಲಿ ಒಬ್ಬರಾದರೂ ಈಗಲೇ ಪುಡಿ ತರಿಸುತ್ತಾರೆಯೇ? ಇದಕ್ಕೆ ದಿನವೂ ಗಿರಾಕಿಗಳ ಮುಖ ನೋಡುವ ಅಂಗಡಿಯವರು ಧೈರ್ಯದಿಂದ ಉತ್ತರಿಸಬಲ್ಲರು. ಚಿಕೋರಿಯ ಊಹೆ ಅರ್ಧಕ್ಕೆ ಅರ್ಧ ತಪ್ಪಿದರೂ ನಿದ್ದೆಯವರಲ್ಲಿ ನೂರ ಅರವತ್ತಕ್ಕೊಬ್ಬರು ಬೇಕು. ಓದುಗರ ಸಂಖ್ಯೆಯ ಅಂದಾಜು ಎರಡು ಮೂರು ಪಟ್ಟು ತಪ್ಪಬಹುದು, ಕೊಳ್ಳುವವರ ಪ್ರಮಾಣವೋ ವಿಷಯದಿಂದ ವಿಷಯಕ್ಕೆ ಹತ್ತಿಪ್ಪತ್ತು ಪಟ್ಟು ಏರಿಳಿಯುತ್ತದೆ. ನನ್ನ ಮಟ್ಟಿಗೆ ನಿರ್ಧಾರ ನಿಲ್ಲುವುದು ಈ ಎರಡನೆಯದರ ಮೇಲೆ.

ಪ್ರಕಟಿಸಿದ ಮೇಲೆ ಊಹೆಯನ್ನು ಪರೀಕ್ಷಿಸಬಹುದು. ಸಂಖ್ಯಾಶಾಸ್ತ್ರದಲ್ಲಿ ಸರಳವಾದ ‘ಮೂರರ ನಿಯಮ’ವಿದೆ. ಇಷ್ಟು ಜನ ಬಂದರೂ ಒಬ್ಬರೂ ಕೊಳ್ಳದಿದ್ದರೆ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ. ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ಸುಮಾರು 95 ಪ್ರತಿಶತ ಭರವಸೆಯಿಂದ ಹೇಳಬಹುದು. ಚಿಕೋರಿಯ ಪುಟಕ್ಕೆ 150 ಜನ ಬಂದು ಒಂದೂ ಆರ್ಡರ್ ಆಗದಿದ್ದರೆ ‘ನೂರಕ್ಕೆ ಇಬ್ಬರು’ ಎಂಬ ಊಹೆಯನ್ನು ಕೈಬಿಡಬೇಕು. ಇದು ಮೊದಲ ತಿಂಗಳಲ್ಲೇ ತಿಳಿಯುತ್ತದೆ. ನಿದ್ದೆಯ ಪುಟದ ‘ಸಾವಿರಕ್ಕೊಬ್ಬರು’ ಸುಳ್ಳೆಂದು ಗೊತ್ತಾಗಲು 3,000 ಜನ ಬರಬೇಕು. ಏಳೆಂಟು ತಿಂಗಳು ಬೇಕು. ಅಷ್ಟು ಕಾಯಲಾಗದವರು ಆರ್ಡರ್ ಬದಲು, ಲೇಖನದಿಂದ ಪುಡಿಯ ಬೆಲೆಪಟ್ಟಿಯ ಪುಟಕ್ಕೆ ಎಷ್ಟು ಜನ ಹೋದರೆಂದು ಎಣಿಸುವುದು ಮೇಲು. ಅದು ಹೆಚ್ಚು ಸಲ ಆಗುವ ಘಟನೆ, ಹಾಗಾಗಿ ಬೇಗ ಸುಳಿವು ಕೊಡುತ್ತದೆ.

ಈ ಲೆಕ್ಕದ ಕಣ್ಣು ತಪ್ಪಿಸುವ ಗಿರಾಕಿಗಳೂ ಇದ್ದಾರೆ. ಇಂದು ನಿದ್ದೆಯ ಲೇಖನ ಓದಿ, ಎರಡು ತಿಂಗಳ ನಂತರ ಅಂಗಡಿಯ ಹೆಸರನ್ನೇ ಹುಡುಕಿಕೊಂಡು ಬರುವವರು ಆ ಲೇಖನದ ಖಾತೆಗೆ ಸೇರುವುದಿಲ್ಲ. ಜಾಹೀರಾತಿನಿಂದ ನಡೆಯುವ ಪತ್ರಿಕೆಯಾದರೆ ಇಡೀ ತೀರ್ಮಾನವೇ ತಲೆಕೆಳಗು: ಅಲ್ಲಿ ಪ್ರತಿ ಓದುಗರ ಭೇಟಿಯೂ ಆದಾಯ, ನಿದ್ದೆಯ ವಿಷಯವೇ ಸರಿ. ಕಾಫಿ ಅಂಗಡಿಗೆ ಇನ್ನೊಂದು ಅಂಶವಿದೆ. 120 ರೂಪಾಯಿ ಮೊದಲ ಆರ್ಡರಿನ ಲಾಭ ಮಾತ್ರ. ಪುಡಿ ಹಿಡಿಸಿದವರು ಪ್ರತಿ ತಿಂಗಳು ತರಿಸುತ್ತಾರೆ. ಆರು ತಿಂಗಳು ತರಿಸುವವರು ಒಬ್ಬರು ಸಿಕ್ಕರೂ ಅವರೊಬ್ಬರಿಂದಲೇ 720 ರೂಪಾಯಿ.