ಬಿಲ್ಲಿನ ಬಲತುದಿಯ ಕಾಲಂ

ಪಾತ್ರೆ ಅಂಗಡಿಯಲ್ಲಿ ಒಂದೇ ಗಿರಾಕಿ ಸ್ಟೀಲ್ ತಟ್ಟೆಯನ್ನೂ ಮಿಕ್ಸಿಯನ್ನೂ ಕೊಂಡರೆ ಒಂದೇ ಬಿಲ್ಲಿನಲ್ಲಿ ಎರಡು ಬಗೆಯ ತೆರಿಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸ್ಟೀಲ್ ಪಾತ್ರೆಗೆ ಜಿಎಸ್‌ಟಿ ಶೇ. 5 ಆಗಿದೆ, ಮಿಕ್ಸಿಗೆ ಶೇ. 18 ಹಾಗೇ ಇದೆ. ಸಣ್ಣ ಅಂಗಡಿಗಳ ಬಿಲ್ಲು ಕಲಸುಮೇಲೋಗರವಾಗುವುದು ಹೆಚ್ಚಾಗಿ ಇಲ್ಲಿಯೇ. ಗಿರಾಕಿ ಕೌಂಟರಿನ ಮುಂದೆ ನಿಂತೇ ಲೆಕ್ಕ ತಾಳೆ ನೋಡುವಂತಿರಬೇಕು, ತಿಂಗಳ ಕೊನೆಗೆ ಲೆಕ್ಕ ಬರೆಯುವವರಿಗೂ ಯಾವ ದರದಲ್ಲಿ ಎಷ್ಟು ಮಾರಾಟವಾಯಿತೆಂದು ಕಾಣಬೇಕು. ಎಕ್ಸೆಲ್‌ನಲ್ಲೋ ಅಂಥದೇ ಇನ್ನೊಂದು ಸ್ಪ್ರೆಡ್‌ಶೀಟ್‌ನಲ್ಲೋ ಒಮ್ಮೆ ಮಾದರಿ ಮಾಡಿಟ್ಟುಕೊಂಡರೆ ಇವೆರಡೂ ಆಗುತ್ತವೆ.

ಮೇಲ್ಭಾಗದಲ್ಲಿ ಕಾನೂನು ಕೇಳುವುದು ಇವು: ಅಂಗಡಿಯ ಹೆಸರು, ವಿಳಾಸ, ಜಿಎಸ್‌ಟಿ ನೋಂದಣಿ ಸಂಖ್ಯೆ, ದಿನಾಂಕ, ಬಿಲ್ ನಂಬರ್. ನಂಬರ್ ಅನುಕ್ರಮವಾಗಿರಬೇಕು, ಒಂದು ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು, 16 ಅಕ್ಷರ ಮೀರಬಾರದು. 25-26/0147 ಎಂಬಂತೆ ವರ್ಷವನ್ನೂ ಸೇರಿಸಿ ಬರೆದರೆ ಏಪ್ರಿಲ್‌ನಲ್ಲಿ ಮತ್ತೆ ಒಂದರಿಂದ ಶುರು ಮಾಡಿದರೂ ಗೊಂದಲವಿಲ್ಲ. ಕೊಳ್ಳುವವರೂ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯಾದರೆ ಅವರ ಸಂಖ್ಯೆಯೂ ಬೇಕು. ನಿಮ್ಮದು ಕಾಂಪೊಸಿಷನ್ ಸ್ಕೀಮಿನ ಅಂಗಡಿಯಾದರೆ ತೆರಿಗೆಯ ಸಾಲನ್ನೇ ಹಾಕುವಂತಿಲ್ಲ. ಅಲ್ಲಿ ಕೊಡುವುದು ‘ಬಿಲ್ ಆಫ್ ಸಪ್ಲೈ’, ಅದರ ಮಾದರಿ ಬೇರೆ.

ಇನ್ನು ಸರಕಿನ ಪಟ್ಟಿ. ಬಹಳ ಅಂಗಡಿಗಳ ಮಾದರಿಯಲ್ಲಿ ಪ್ರತಿ ಸಾಲಿಗೂ ಸಿಜಿಎಸ್‌ಟಿ ದರ, ಸಿಜಿಎಸ್‌ಟಿ ಮೊತ್ತ, ಎಸ್‌ಜಿಎಸ್‌ಟಿ ದರ, ಎಸ್‌ಜಿಎಸ್‌ಟಿ ಮೊತ್ತ ಎಂದು ನಾಲ್ಕು ಕಾಲಂ ಇರುತ್ತವೆ. ಎ5 ಕಾಗದದ ಅಗಲ 148 ಮಿಲಿಮೀಟರ್. ಎರಡೂ ಬದಿಗೆ ಅಂಚು ಬಿಟ್ಟ ಮೇಲೆ ಈ ನಾಲ್ಕು ಕಾಲಂ ತೂರಿಸಿದರೆ ಸರಕಿನ ವಿವರಕ್ಕೆ ಜಾಗವೇ ಉಳಿಯುವುದಿಲ್ಲ. ‘ಸ್ಟೀಲ್ ಊಟದ ತಟ್ಟೆ’ ಮೂರು ಸಾಲಿಗೆ ಒಡೆದು, ಪಕ್ಕದ ಅಂಕಿ ಯಾವುದಕ್ಕೆ ಸೇರಿದ್ದೆಂದೇ ತಿಳಿಯದಂತಾಗುತ್ತದೆ. ನನ್ನ ಮಟ್ಟಿಗೆ, ಸಾಲಿನಲ್ಲಿ ತೆರಿಗೆಯ ದರ ಮಾತ್ರ ಇರಲಿ. ತೆರಿಗೆಯ ಮೊತ್ತ ಪಟ್ಟಿಯ ಕೆಳಗೆ, ದರಕ್ಕೊಂದು ಜೋಡಿ ಸಾಲಿನಂತೆ ಬರಲಿ. ಆಗ ಎಂಟು ಕಾಲಂ ಸಾಕು: ಕ್ರಮಸಂಖ್ಯೆ, ವಿವರ, ಎಚ್‌ಎಸ್‌ಎನ್ ಕೋಡ್, ಎಷ್ಟು, ದರ, ರಿಯಾಯಿತಿ, ತೆರಿಗೆ ಶೇಕಡಾ, ಕೊನೆಗೆ ಮೊತ್ತ. ಮೊತ್ತವೇ ಬಲತುದಿಯಲ್ಲಿರಬೇಕು, ಏಕೆಂದರೆ ಕೆಳಗಿನ ತೆರಿಗೆ ಸಾಲುಗಳೂ ಕೊಡಬೇಕಾದ ಹಣವೂ ಅದೇ ಕಾಲಂನಲ್ಲಿ ನೇರವಾಗಿ ಇಳಿಯಬೇಕು. ಕಣ್ಣು ಅತ್ತಿತ್ತ ಓಡದೆ ಮೇಲಿಂದ ಕೆಳಕ್ಕೆ ಕೂಡಿಕೊಂಡು ಬರುತ್ತದೆ.

ಅಂಕಿಗಳು ಬಲಕ್ಕೆ ಒತ್ತಿ, ಎಲ್ಲಕ್ಕೂ ಎರಡು ದಶಮಾಂಶ ಇಟ್ಟು ನಿಲ್ಲಬೇಕು. 845 ಎಂದು ಒಂದು ಕಡೆ, 845.00 ಎಂದು ಇನ್ನೊಂದು ಕಡೆ ಬಂದರೆ ಬಿಡಿ, ಹತ್ತು, ನೂರರ ಸ್ಥಾನಗಳು ಒಂದರ ಕೆಳಗೊಂದು ಬರುವುದಿಲ್ಲ. ಸ್ಪ್ರೆಡ್‌ಶೀಟ್ ಅಂಕಿಯನ್ನು ತಾನಾಗಿಯೇ ಬಲಕ್ಕೂ ಅಕ್ಷರವನ್ನು ಎಡಕ್ಕೂ ಕೂರಿಸುತ್ತದೆ. ಅದನ್ನು ಹಾಗೇ ಬಿಡುವುದು ಜಾಣತನ. ನಮ್ಮಲ್ಲಿ 845/- ಎಂದು ಬರೆಯುವ ರೂಢಿಯಿದೆ. ಯಾರಾದರೂ ಮೊತ್ತದ ಮನೆಯಲ್ಲಿ ಹಾಗೆ ಟೈಪ್ ಮಾಡಿದರೆ ಸ್ಪ್ರೆಡ್‌ಶೀಟ್‌ಗೆ ಅದು ಅಂಕಿಯಲ್ಲ, ಅಕ್ಷರ; SUM ಅದನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ಉಳಿದವು ಬಲಕ್ಕಿದ್ದು ಅದೊಂದೇ ಎಡಕ್ಕೆ ಸರಿದು ನಿಂತಿರುವುದೇ ನಮಗೆ ಸಿಗುವ ಸುಳಿವು. ಇಡೀ ಕಾಲಂ ಅನ್ನು ಕೈಯಾರೆ ಬಲಕ್ಕೆ ಒತ್ತಿದ್ದರೆ ಆ ಸುಳಿವೂ ಅಳಿಸಿಹೋಗುತ್ತದೆ.

ಎಚ್‌ಎಸ್‌ಎನ್ ಕೋಡ್ ನೋಡಲು ಅಂಕಿಯಾದರೂ ಕೂಡುವ ಕಳೆಯುವ ವಸ್ತುವಲ್ಲ. ಆ ಕಾಲಂ ಅನ್ನು ಮೊದಲೇ Text ಎಂದು ಮಾಡಿಡಬೇಕು. ಇಲ್ಲದಿದ್ದರೆ ಕಿರಾಣಿ ಅಂಗಡಿಯವರ ಚಹಾಪುಡಿಯ 0902 ಎಂಬ ಕೋಡ್ ಮುಂದಿನ ಸೊನ್ನೆ ಕಳೆದುಕೊಂಡು 902 ಆಗುತ್ತದೆ.

ಈಗ ಒಂದು ಬಿಲ್ಲು ಬರೆಯೋಣ. ಆರು ತಟ್ಟೆ, ಒಂದಕ್ಕೆ 125 ರೂಪಾಯಿ, ಒಟ್ಟಾರೆ 30 ರೂಪಾಯಿ ರಿಯಾಯಿತಿ. ಒಂದು ಸ್ಟೀಲ್ ಕೊಡ, 845 ರೂಪಾಯಿ. ಇವೆರಡರ ಬೆಲೆಗೆ ತೆರಿಗೆ ಮೇಲಿಂದ ಸೇರಬೇಕು. ಮಿಕ್ಸಿಯನ್ನು ಮಾತ್ರ ತೆರಿಗೆ ಸೇರಿಸಿಯೇ 2,950 ರೂಪಾಯಿಗೆ ಮಾತಾಡಿಕೊಂಡಿದೆ. ಇಲ್ಲಿ ಅನೇಕರು 2,950ರಲ್ಲಿ ಶೇ. 18 ಎಂದು 531 ರೂಪಾಯಿ ಕಳೆದು 2,419 ಎಂದು ಬರೆಯುತ್ತಾರೆ. ಅದಕ್ಕೆ ಮತ್ತೆ ಶೇ. 18 ಸೇರಿಸಿ ನೋಡಿ, 2,854.42 ಬರುತ್ತದೆ, 2,950 ಬರುವುದಿಲ್ಲ. ತೆರಿಗೆ ಸೇರಿದ ಬೆಲೆಯನ್ನು 118ರಿಂದ ಭಾಗಿಸಿ 100ರಿಂದ ಗುಣಿಸಬೇಕು. ಆಗ ಸಿಗುವುದು 2,500, ತೆರಿಗೆ 450. ಬಿಲ್ಲಿನ ದರದ ಕಾಲಂನಲ್ಲಿ ಈ 2,500 ಬರಬೇಕು.

| ವಿವರ | ಮೊತ್ತ (ರೂ.) |
|:---|---:|
| ತಟ್ಟೆ, 6 (ತೆರಿಗೆ 5%) | 720.00 |
| ಕೊಡ, 1 (ತೆರಿಗೆ 5%) | 845.00 |
| ಮಿಕ್ಸಿ, 1 (ತೆರಿಗೆ 18%) | 2,500.00 |
| ತೆರಿಗೆಗೆ ಮುಂಚಿನ ಮೊತ್ತ | 4,065.00 |
| ಸಿಜಿಎಸ್‌ಟಿ 2.5%, 1,565.00ರ ಮೇಲೆ | 39.13 |
| ಎಸ್‌ಜಿಎಸ್‌ಟಿ 2.5%, 1,565.00ರ ಮೇಲೆ | 39.13 |
| ಸಿಜಿಎಸ್‌ಟಿ 9%, 2,500.00ರ ಮೇಲೆ | 225.00 |
| ಎಸ್‌ಜಿಎಸ್‌ಟಿ 9%, 2,500.00ರ ಮೇಲೆ | 225.00 |
| ರೌಂಡ್ ಆಫ್ | -0.26 |
| ಕೊಡಬೇಕಾದ ಹಣ | 4,593.00 |

ತೆರಿಗೆಯ ಸಾಲಿನಲ್ಲಿ ‘ಎಷ್ಟರ ಮೇಲೆ’ ಎಂಬುದನ್ನು ಬರೆದಿರುವುದನ್ನು ಗಮನಿಸಿ. ಅದಿಲ್ಲದಿದ್ದರೆ 39.13 ಎಲ್ಲಿಂದ ಬಂತೆಂದು ಗಿರಾಕಿ ಕೇಳಿದರೆ ಕ್ಯಾಲ್ಕುಲೇಟರ್ ಹುಡುಕಬೇಕಾಗುತ್ತದೆ. ಸರಕನ್ನು ಬೇರೆ ರಾಜ್ಯಕ್ಕೆ ಕಳಿಸುವಾಗ ಈ ಜೋಡಿಯ ಬದಲು ದರಕ್ಕೊಂದೇ ಐಜಿಎಸ್‌ಟಿ ಸಾಲು ಬರುತ್ತದೆ, ಆ ರಾಜ್ಯದ ಹೆಸರೂ ಬಿಲ್ಲಿನಲ್ಲಿರಬೇಕು.

ಪೈಸೆಯ ಪೇಚು ಇದೇ ಬಿಲ್ಲಿನಲ್ಲಿದೆ. 1,565ಕ್ಕೆ ಶೇ. 2.5 ಎಂದರೆ ಸರಿಯಾಗಿ 39.125. ಪರದೆಯಲ್ಲಿ ಎರಡೇ ದಶಮಾಂಶ ತೋರಿಸಲು ಹೇಳಿದರೆ 39.13 ಎಂದು ಕಾಣುತ್ತದೆ, ಆದರೆ ಒಳಗೆ 39.125 ಹಾಗೇ ಕುಳಿತಿರುತ್ತದೆ. ಕಾಗದದ ಮೇಲೆ ಎರಡು ಸಾಲು ಕೂಡಿದರೆ 78.26, ಕಂಪ್ಯೂಟರ್ ಕೂಡಿದ್ದು 78.25. ಒಂದು ಪೈಸೆಯಷ್ಟೇ. ಆದರೆ ಕೈಲೆಕ್ಕಕ್ಕೆ ತಾಳೆಯಾಗದ ಬಿಲ್ಲನ್ನು ಗಿರಾಕಿ ನಂಬುವುದಿಲ್ಲ. ಜೊತೆಗೆ ಮೊತ್ತ 50 ಪೈಸೆಯ ಗಡಿಯಲ್ಲಿದ್ದರೆ ಆ ಒಂದು ಪೈಸೆ ಪೂರ್ತಿ ರೂಪಾಯಿಯನ್ನೇ ಆಚೀಚೆ ಮಾಡುತ್ತದೆ. ಅದಕ್ಕೆ ಪ್ರತಿ ಲೆಕ್ಕವನ್ನೂ ಅಲ್ಲಲ್ಲೇ ROUND ಮಾಡಿಬಿಡಬೇಕು. ಸರಕು 6ರಿಂದ 15ನೇ ಸಾಲಿನವರೆಗೆ ಇದ್ದು, D ಎಷ್ಟು, E ದರ, F ರಿಯಾಯಿತಿ, G ತೆರಿಗೆ ಶೇಕಡಾ, H ಮೊತ್ತ ಎಂದಾದರೆ H6, H16, H17, H21, H22ರಲ್ಲಿ ಕ್ರಮವಾಗಿ ಇವು ಬರುತ್ತವೆ:

```
=ROUND(D6*E6-F6,2)
=SUM(H6:H15)
=ROUND(SUMIF(G6:G15,5%,H6:H15)*2.5%,2)
=ROUND(SUM(H16:H20),0)-SUM(H16:H20)
=SUM(H16:H21)
```

H6ರದ್ದನ್ನು H15ರವರೆಗೂ ನಕಲಿಸಿ. H18ರಲ್ಲಿ H17ರ ಸೂತ್ರವನ್ನೇ ಮತ್ತೆ ಬರೆಯಿರಿ. H19, H20ರಲ್ಲಿ 5% ಇದ್ದಲ್ಲಿ 18%, 2.5% ಇದ್ದಲ್ಲಿ 9% ಹಾಕಿ. G ಕಾಲಂನಲ್ಲಿ ಬರಿಯ 5 ಎಂದಲ್ಲದೆ 5% ಎಂದೇ ಇರಬೇಕು, ಇಲ್ಲವಾದರೆ SUMIFಗೆ ಅದು ಸಿಗುವುದಿಲ್ಲ. ಹಾಗೆ ತಪ್ಪಿಹೋದ ಸರಕಿನ ತೆರಿಗೆ ಬಿಲ್ಲಿಗೆ ಬರುವುದೇ ಇಲ್ಲ. ತೆರಿಗೆ ಸಾಲುಗಳಲ್ಲಿ ಬರೆದ 1,565 ಮತ್ತು 2,500 ಕೂಡಿದರೆ 4,065 ಬರಬೇಕು; ಬರದಿದ್ದರೆ ಯಾವುದೋ ಸರಕಿನ ದರ ತಪ್ಪಿದೆ ಎಂದೇ ಅರ್ಥ.

‘ಒಟ್ಟು’ ಎಂಬ ಪದವನ್ನು ಮೂರು ಕಡೆ ಬರೆದ ಬಿಲ್ಲುಗಳನ್ನು ನೋಡಿದ್ದೇನೆ: ಸರಕಿನ ಒಟ್ಟು, ತೆರಿಗೆಯ ಒಟ್ಟು, ಕೊನೆಯ ಒಟ್ಟು. ಅವಸರದಲ್ಲಿರುವವರು ಮೊದಲು ಕಂಡದ್ದನ್ನೇ ಓದಿ 4,065 ಎಣಿಸಿ ಕೊಡುತ್ತಾರೆ, ಆಮೇಲೆ ವಾಗ್ವಾದ. ಕೊನೆಯ ಮೊತ್ತಕ್ಕೆ ‘ಕೊಡಬೇಕಾದ ಹಣ’ ಎಂದು ಬೇರೆಯದೇ ಹೆಸರಿರಲಿ, ಅಕ್ಷರ ಉಳಿದದ್ದಕ್ಕಿಂತ ಎರಡು ಅಳತೆ ದೊಡ್ಡದಿರಲಿ, ಮೇಲೊಂದು ದಪ್ಪ ಗೆರೆ ಇರಲಿ. ಬಣ್ಣ ತುಂಬಬೇಡಿ, ಕಪ್ಪುಬಿಳುಪು ಪ್ರಿಂಟರಿನಲ್ಲಿ ಅದು ಬೂದಿಯಾಗಿ ಅಂಕಿಯನ್ನೇ ಮಸುಕಾಗಿಸುತ್ತದೆ. ಅದರ ಕೆಳಗೆ, ‘ನಾಲ್ಕು ಸಾವಿರದ ಐನೂರ ತೊಂಬತ್ತಮೂರು ರೂಪಾಯಿ ಮಾತ್ರ’ ಎಂದು ಅಕ್ಷರದಲ್ಲಿ ಬರೆಯಲು ಒಂದು ಪೂರ್ತಿ ಸಾಲು ಬಿಡಿ, ಅದರ ಬಲಕ್ಕೆ ಸಹಿಯ ಜಾಗ.